ಎಷ್ಟು ಗೋದಾಮು, ಎಲ್ಲೆಲ್ಲಿ? ಐದು ಪ್ರದೇಶಗಳ ಒಂದು ಲೆಕ್ಕ, ಮೊದಲಿನಿಂದ ಕೊನೆಯವರೆಗೆ

ಗೋದಾಮುಗಳ ಸಂಖ್ಯೆ ಹೆಚ್ಚಿದಂತೆ ಗ್ರಾಹಕರಿಗೆ ತಲುಪಿಸುವ ಖರ್ಚು ಇಳಿಯುತ್ತದೆ. ಬಾಡಿಗೆ, ಸಿಬ್ಬಂದಿ, ಸ್ಟಾಕ್ ಏರುತ್ತವೆ. ಎರಡನ್ನೂ ಕೂಡಿಸಿದರೆ ಬಟ್ಟಲಿನಂಥ ಒಂದು ವಕ್ರರೇಖೆ ಬರುತ್ತದೆ, ಅದರ ತಳವೇ ಸರಿಯಾದ ಸಂಖ್ಯೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಸುಳ್ಳಲ್ಲ. ಆದರೆ ನಿಜವಾದ ಅಂಕಿಗಳನ್ನು ಹಾಕಿ ನೋಡಿದಾಗ ಆ ತಳ ಬಹಳ ಅಗಲವಾಗಿ, ಚಪ್ಪಟೆಯಾಗಿ ಸಿಗುತ್ತದೆ. ಮೂರು ಗೋದಾಮಿಗೂ ನಾಲ್ಕಕ್ಕೂ ನಡುವೆ ಖರ್ಚಿನ ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆ ಇರಬಹುದು. ಹಾಗಿರುವಾಗ "ಅತಿ ಕಡಿಮೆ ಖರ್ಚು ಯಾವುದು?" ಎಂದು ಕೇಳಿದರೆ ಸಿಗುವ ಉತ್ತರಕ್ಕೆ ತೂಕವಿರುವುದಿಲ್ಲ. "ಇನ್ನೊಂದು ಗೋದಾಮಿನಿಂದ ಯಾವ ಸೇವೆ ಸಿಗುತ್ತದೆ, ಅದರ ಬೆಲೆ ಎಷ್ಟು, ಅದೇ ಸೇವೆ ಬೇರೆ ದಾರಿಯಲ್ಲಿ ಅಗ್ಗವಾಗಿ ಸಿಗುತ್ತದೆಯೇ?" ಎಂದು ಕೇಳಬೇಕು.

ಇದನ್ನು ಒಂದು ಪುಟ್ಟ ಉದಾಹರಣೆಯಲ್ಲಿ ಪೂರ್ತಿ ಲೆಕ್ಕ ಹಾಕಿ ನೋಡೋಣ. ಅಂಕಿಗಳು ಕಲ್ಪಿತ, ವಿಧಾನ ಕೆಲಸದಲ್ಲಿ ನಡೆಯುವಂಥದ್ದು. ಪೆನ್ನು ಹಿಡಿದು ಕೂತರೆ ಎಲ್ಲವನ್ನೂ ನೀವೇ ಪರೀಕ್ಷಿಸಬಹುದು.

## ಹಂತ 1: ಬೇಡಿಕೆ ಎಲ್ಲಿದೆ ಎಂದು ಗುರುತಿಸಿ

ಕಳೆದ ಹನ್ನೆರಡು ತಿಂಗಳ ಇನ್ವಾಯ್ಸ್‌ಗಳನ್ನು ತೆಗೆದುಕೊಳ್ಳಿ. ನೋಡಬೇಕಾದದ್ದು ಸರಕು ಇಳಿದ ವಿಳಾಸವನ್ನು, ಬಿಲ್ ಹೋದ ವಿಳಾಸವನ್ನಲ್ಲ. ದೊಡ್ಡ ಗ್ರಾಹಕರ ಬಿಲ್ಲುಗಳೆಲ್ಲ ಅವರ ಕೇಂದ್ರ ಕಚೇರಿಗೆ ಹೋಗುತ್ತವೆ, ಸರಕು ಇಳಿಯುವುದು ಹತ್ತಾರು ಊರುಗಳಲ್ಲಿ. ಇದನ್ನು ಗಮನಿಸದಿದ್ದರೆ ಕೇಂದ್ರ ಕಚೇರಿ ಇರುವ ನಗರದಲ್ಲಿ ಇಲ್ಲದ ಬೇಡಿಕೆ ಕಾಣಿಸಿಕೊಂಡು, ಗೋದಾಮು ಅತ್ತ ವಾಲುತ್ತದೆ. ಪತ್ತೆ ಮಾಡುವುದು ಸುಲಭ: ಒಂದೇ ಪಿನ್‌ಕೋಡ್‌ನಲ್ಲಿ ನಂಬಲಾಗದಷ್ಟು ಟನ್ ಸೇರಿಕೊಂಡಿದ್ದರೆ ಅನುಮಾನಿಸಿ.

ಪ್ರತಿ ಗ್ರಾಹಕನನ್ನೂ ಮಾಡೆಲ್‌ಗೆ ಹಾಕುವ ಅಗತ್ಯವಿಲ್ಲ. ಪಿನ್‌ಕೋಡ್‌ನ ಮೊದಲ ಅಂಕೆಗಳ ಪ್ರಕಾರ ಗುಂಪು ಮಾಡಿದರೆ ಸಾಕು, ನೂರಿನ್ನೂರು ಗುಂಪುಗಳಲ್ಲಿ ಇಡೀ ದೇಶವನ್ನೇ ಸಾಕಷ್ಟು ನಿಖರವಾಗಿ ತೋರಿಸಬಹುದು. ನಮ್ಮ ಉದಾಹರಣೆಯಲ್ಲಿ ಐದೇ ಪ್ರದೇಶಗಳು: ಮಧ್ಯ 10,000 ಟನ್, ಉತ್ತರ 12,000, ದಕ್ಷಿಣ 9,000, ಪೂರ್ವ 5,000, ಪಶ್ಚಿಮ 4,000. ವರ್ಷಕ್ಕೆ ಒಟ್ಟು 40,000 ಟನ್. ಕಾರ್ಖಾನೆ ಒಂದೇ, ಅದು ಪಶ್ಚಿಮದಲ್ಲಿದೆ.

ಗೋದಾಮು ಇಡಬಹುದಾದ ಜಾಗಗಳೂ ಇವೇ ಐದು ಊರುಗಳು. ಬೇಡಿಕೆ ಇರುವ ಊರುಗಳನ್ನೇ ಅಭ್ಯರ್ಥಿ ಜಾಗಗಳನ್ನಾಗಿ ತೆಗೆದುಕೊಳ್ಳುವುದಕ್ಕೆ ಗಣಿತದ ಆಧಾರವಿದೆ. ರಸ್ತೆಜಾಲದಲ್ಲಿ ತೂಕ ಮತ್ತು ದೂರದ ಗುಣಲಬ್ಧಗಳ ಮೊತ್ತವನ್ನು ಕನಿಷ್ಠಗೊಳಿಸುವ ಸಮಸ್ಯೆಗೆ ಜಾಲದ ಗಂಟುಗಳಲ್ಲೇ, ಅಂದರೆ ಊರುಗಳಲ್ಲೋ ರಸ್ತೆಗಳು ಕೂಡುವಲ್ಲೋ, ಒಂದು ಉತ್ತಮ ಉತ್ತರ ಇದ್ದೇ ಇರುತ್ತದೆ ಎಂದು ಹಾಕಿಮಿ 1964-65ರಲ್ಲಿ ತೋರಿಸಿದರು. ಹಾಗಾಗಿ ರಸ್ತೆ ಮಧ್ಯದ ಬಯಲನ್ನೆಲ್ಲ ಹುಡುಕಬೇಕಿಲ್ಲ.

ಇಲ್ಲಿ ಹಲವರು ಗುರುತ್ವಕೇಂದ್ರದ ಸೂತ್ರ ಹಿಡಿಯುತ್ತಾರೆ, ಅಂದರೆ ಅಕ್ಷಾಂಶ ರೇಖಾಂಶಗಳ ತೂಕದ ಸರಾಸರಿ. ಅದು ಕನಿಷ್ಠಗೊಳಿಸುವುದು ದೂರದ ವರ್ಗವನ್ನು, ದೂರವನ್ನಲ್ಲ. ಹಾಗಾಗಿ ದೂರದ ಒಂದು ಸಣ್ಣ ಗ್ರಾಹಕ ಗುಂಪು ಬಿಂದುವನ್ನು ತನ್ನತ್ತ ಅತಿಯಾಗಿ ಎಳೆದುಕೊಳ್ಳುತ್ತದೆ. ಅದರ ಲೆಕ್ಕಕ್ಕೆ ಬೆಟ್ಟವೂ ಗೊತ್ತಿಲ್ಲ, ನದಿಯೂ ಗೊತ್ತಿಲ್ಲ. ಯಾವ ಸುತ್ತಮುತ್ತ ಹುಡುಕಬೇಕು ಎಂದು ತಿಳಿಯಲು ಅದನ್ನು ಬಳಸಿ, ತೀರ್ಮಾನಕ್ಕೆ ಬೇಡ.

## ಹಂತ 2: ದೂರ, ದರ, ಮತ್ತು ಸೇವೆಯ ವ್ಯಾಖ್ಯೆ

ರಸ್ತೆ ದೂರಗಳು ಕಿಲೋಮೀಟರ್‌ನಲ್ಲಿ ಹೀಗಿವೆ. ಗೋದಾಮು ಅದೇ ಪ್ರದೇಶದಲ್ಲಿದ್ದರೆ ಗ್ರಾಹಕನಿಗೆ ಸರಾಸರಿ 60 ಕಿ.ಮೀ.

| | ಮಧ್ಯ | ಉತ್ತರ | ದಕ್ಷಿಣ | ಪೂರ್ವ | ಪಶ್ಚಿಮ |
|---|---|---|---|---|---|
| ಮಧ್ಯ | 60 | 500 | 450 | 550 | 400 |
| ಉತ್ತರ | 500 | 60 | 950 | 700 | 650 |
| ದಕ್ಷಿಣ | 450 | 950 | 60 | 700 | 600 |
| ಪೂರ್ವ | 550 | 700 | 700 | 60 | 950 |
| ಪಶ್ಚಿಮ | 400 | 650 | 600 | 950 | 60 |

ಕಾರ್ಖಾನೆಯಿಂದ ಗೋದಾಮಿಗೆ ತುಂಬಿದ ಲಾರಿಗಳು ಹೋಗುತ್ತವೆ, ಈ ಒಳಸಾಗಣೆಯ ದರ ಒಂದು ಟನ್-ಕಿಲೋಮೀಟರ್‌ಗೆ 2. ಗೋದಾಮಿನಿಂದ ಗ್ರಾಹಕನಿಗೆ ಹೋಗುವುದು ಬಿಡಿ ಲೋಡು, ಈ ಹೊರಸಾಗಣೆಯ ದರ 5. ಯಾವ ಕರೆನ್ಸಿಯಾದರೂ ಸರಿ, ಈ ಎರಡರ ಅನುಪಾತ ಮುಖ್ಯ. ದುಬಾರಿ ಓಟವನ್ನು ಗಿಡ್ಡ ಮಾಡಿ ಅಗ್ಗದ ಓಟವನ್ನು ಉದ್ದ ಮಾಡುವುದೇ ಗೋದಾಮಿನ ಕೆಲಸ. ಕಾರ್ಖಾನೆಯ ಪಕ್ಕದಲ್ಲೇ ಇರುವ ಪಶ್ಚಿಮದ ಗೋದಾಮಿಗೆ ಒಳಸಾಗಣೆ ಖರ್ಚು ಸೊನ್ನೆ ಎಂದಿಟ್ಟುಕೊಂಡಿದ್ದೇನೆ.

ತುಂಬಿದ ಲಾರಿ ಎಂಬ ಊಹೆಯನ್ನು ಇಲ್ಲೇ ಪರೀಕ್ಷಿಸಿಬಿಡಬೇಕು. ಪೂರ್ವಕ್ಕೆ ವರ್ಷಕ್ಕೆ 5,000 ಟನ್ ಎಂದರೆ ವಾರಕ್ಕೆ ಸುಮಾರು 96 ಟನ್, 20 ಟನ್ನಿನ ಲಾರಿ ವಾರಕ್ಕೆ ಐದು. ಊಹೆ ನಿಲ್ಲುತ್ತದೆ. ಅಲ್ಲಿ ಬೇಡಿಕೆ 500 ಟನ್ ಆಗಿದ್ದರೆ ವಾರಕ್ಕೆ ಅರ್ಧ ಲಾರಿಯೂ ತುಂಬುತ್ತಿರಲಿಲ್ಲ. ಆಗ 2ರ ದರ ಸಿಗುವುದಿಲ್ಲ, ಅಥವಾ ಲಾರಿ ತುಂಬುವವರೆಗೆ ಕಾದು ಸ್ಟಾಕ್ ಏರಿಸಿಕೊಳ್ಳಬೇಕಾಗುತ್ತದೆ. ಗೋದಾಮು ಹೆಚ್ಚಿಸುವ ಯೋಜನೆಗಳು ಕಾಗದದ ಮೇಲೆ ಚೆನ್ನಾಗಿ ಕಂಡು ನಡೆಯುವಾಗ ಸೋಲುವುದು ಹೆಚ್ಚಾಗಿ ಇಲ್ಲೇ.

ಇನ್ನು ಸೇವೆ. "ಒಳ್ಳೆಯ ಸೇವೆ" ಎಂದು ಬರೆದರೆ ಮಾಡೆಲ್‌ಗೆ ಏನೂ ಅರ್ಥವಾಗುವುದಿಲ್ಲ. ಅಳೆಯಬಹುದಾದ ಒಂದು ವಾಕ್ಯ ಬೇಕು. ನಮ್ಮದು: ಸಂಜೆ 4ರೊಳಗೆ ಬಂದ ಆರ್ಡರ್ ಮರುದಿನ ಗ್ರಾಹಕನ ಕೈಸೇರಬೇಕು. ಆರಿಸಿ, ಪ್ಯಾಕ್ ಮಾಡಿ, ಲೋಡ್ ಮಾಡಿ ಲಾರಿ ಹೊರಡುವುದು ರಾತ್ರಿ 9ಕ್ಕೆ. ಗ್ರಾಹಕನ ಊರಿಗೆ ಬೆಳಿಗ್ಗೆ 6ಕ್ಕೆ ಮುಟ್ಟಬೇಕು. ಒಂಬತ್ತು ಗಂಟೆ, ಸರಾಸರಿ 50 ಕಿ.ಮೀ. ವೇಗ, ಅಂದರೆ 450 ಕಿ.ಮೀ. ಈ ಮಿತಿಯೊಳಗೆ ಎಷ್ಟು ಶೇಕಡಾ ಟನ್ ಬರುತ್ತದೆ ಎಂಬುದೇ ನಮ್ಮ ಸೇವಾಮಟ್ಟ. 450 ಎಂಬ ಅಂಕಿ ಎಲ್ಲಿಂದ ಬಂತು ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

## ಹಂತ 3: ಇಂದಿನ ಜಾಲವನ್ನು ಮೊದಲು ಲೆಕ್ಕ ಹಾಕಿ

ಹೊಸದನ್ನು ಹುಡುಕುವ ಮೊದಲು ಈಗಿನ ಗೋದಾಮುಗಳನ್ನೇ ಮಾಡೆಲ್‌ಗೆ ಹಾಕಿ, ಈಗ ಯಾವ ಗೋದಾಮು ಯಾರಿಗೆ ಕೊಡುತ್ತಿದೆಯೋ ಹಾಗೆಯೇ ಬಿಗಿದು, ಬರುವ ಖರ್ಚನ್ನು ಲೆಕ್ಕಪತ್ರ ವಿಭಾಗದ ಅಂಕಿಗಳ ಜೊತೆ ತಾಳೆ ನೋಡಿ. ಒಟ್ಟು ಮೊತ್ತ ಹೊಂದಿದರೆ ಸಾಲದು. ಒಳಸಾಗಣೆ, ಹೊರಸಾಗಣೆ, ಬಾಡಿಗೆ, ಸ್ಟಾಕ್, ಒಂದೊಂದೂ ನಾಲ್ಕೈದು ಶೇಕಡಾ ಒಳಗೆ ಹೊಂದಬೇಕು. ಒಟ್ಟು ಮೊತ್ತದಲ್ಲಿ ಒಂದು ಕಡೆಯ ಹೆಚ್ಚು ಇನ್ನೊಂದು ಕಡೆಯ ಕಡಿಮೆಯನ್ನು ಮುಚ್ಚಿಹಾಕುತ್ತದೆ.

ಹೊರಸಾಗಣೆ ಮಾಡೆಲ್‌ನಲ್ಲಿ ಕಡಿಮೆ ಬಂದರೆ ಸಾಮಾನ್ಯ ಕಾರಣಗಳು ಎರಡು. ಸಣ್ಣ ಆರ್ಡರ್‌ಗಳಿಗೆ ಸಾಗಣೆದಾರರು ಹಾಕುವ ಕನಿಷ್ಠ ಶುಲ್ಕ ಸರಾಸರಿ ದರದಲ್ಲಿ ಕಾಣುವುದಿಲ್ಲ. ಅಥವಾ ಹತ್ತಿರದ ಗೋದಾಮಿನಲ್ಲಿ ಸ್ಟಾಕ್ ಇಲ್ಲದೆ ದೂರದ್ದರಿಂದ ಕಳಿಸಿದ ಲೋಡುಗಳು ಬಹಳ ಇವೆ. ಎರಡನೆಯದಾದರೆ ನಿಮ್ಮ ತೊಂದರೆ ಗೋದಾಮಿನ ಜಾಗದ್ದಲ್ಲ, ಸ್ಟಾಕ್ ನಿರ್ವಹಣೆಯದ್ದು. ಅದನ್ನು ಸರಿಮಾಡದೆ ಗೋದಾಮು ಸೇರಿಸಿದರೆ ತೊಂದರೆಯನ್ನು ಇನ್ನಷ್ಟು ಕಡೆ ಹಂಚಿದಂತೆ.

## ಹಂತ 4: ಸ್ಟಾಕಿನ ಖರ್ಚನ್ನು ಸೇರಿಸಿ

ಕಟ್ಟಡ, ಸಿಬ್ಬಂದಿ, ವಿದ್ಯುತ್ ಎಲ್ಲ ಸೇರಿ ಪ್ರತಿ ಗೋದಾಮಿಗೆ ವರ್ಷಕ್ಕೆ 80 ಲಕ್ಷ. ಇದು ಸರಳ. ಸೇಫ್ಟಿ ಸ್ಟಾಕ್, ಅಂದರೆ ಬೇಡಿಕೆ ಹಠಾತ್ತಾಗಿ ಏರಿದರೆ ಇರಲಿ ಎಂದು ಇಟ್ಟುಕೊಳ್ಳುವ ಹೆಚ್ಚುವರಿ ಸರಕು, ಸ್ವಲ್ಪ ಸೂಕ್ಷ್ಮ.

ಎಲ್ಲ ಸ್ಟಾಕೂ ಒಂದೇ ಕಡೆ ಇದ್ದರೆ ಉತ್ತರದಲ್ಲಿ ಬೇಡಿಕೆ ಹೆಚ್ಚಾದ ವಾರ ದಕ್ಷಿಣದಲ್ಲಿ ಕಡಿಮೆಯಾಗಿ ಸರಿತೂಗಬಹುದು. ಬೇರೆ ಬೇರೆ ಇಟ್ಟರೆ ಆ ಅನುಕೂಲ ಹೋಗುತ್ತದೆ. ಡೇವಿಡ್ ಮೈಸ್ಟರ್ 1976ರಲ್ಲಿ ಬರೆದ ವರ್ಗಮೂಲ ನಿಯಮ ಇದನ್ನೇ ಹೇಳುತ್ತದೆ: ಗೋದಾಮುಗಳ ಸಂಖ್ಯೆ n ಆದಾಗ ಸೇಫ್ಟಿ ಸ್ಟಾಕ್ √n ಪಟ್ಟು ಆಗುತ್ತದೆ. ನಮ್ಮಲ್ಲಿ ಒಂದೇ ಗೋದಾಮಿದ್ದರೆ 2,000 ಟನ್ ಸೇಫ್ಟಿ ಸ್ಟಾಕ್ ಬೇಕು. ಟನ್ನಿನ ಬೆಲೆ 20,000, ವರ್ಷಕ್ಕೆ ಇಟ್ಟುಕೊಳ್ಳುವ ಖರ್ಚು ಶೇ. 20, ಅಂದರೆ ಟನ್ನಿಗೆ 4,000. ಒಟ್ಟು 80 ಲಕ್ಷ. ನಾಲ್ಕು ಗೋದಾಮಾದರೆ √4 = 2, ಖರ್ಚು 160 ಲಕ್ಷ.

ಈ ನಿಯಮಕ್ಕೆ ಷರತ್ತುಗಳಿವೆ. ಪ್ರದೇಶಗಳ ಬೇಡಿಕೆ ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯಬೇಕು, ಏರಿಳಿತ ಎಲ್ಲೆಡೆ ಹೆಚ್ಚುಕಡಿಮೆ ಸಮನಾಗಿರಬೇಕು. ಎಲ್ಲ ಕಡೆ ಬೇಡಿಕೆ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವ ಸರಕಾದರೆ, ಉದಾಹರಣೆಗೆ ಮಳೆ ಬಿದ್ದಾಗ ಮಾತ್ರ ಮಾರಾಟವಾಗುವಂಥದ್ದಾದರೆ, ಒಂದೇ ಕಡೆ ಇಡುವುದರಿಂದ ಉಳಿತಾಯವೂ ಕಡಿಮೆ, ಹಂಚಿ ಇಡುವುದರಿಂದ ನಷ್ಟವೂ ಕಡಿಮೆ. ಎರಡು ವರ್ಷದ ವಾರವಾರು ಮಾರಾಟ ಸಿಕ್ಕರೆ ಪ್ರದೇಶಗಳ ನಡುವಿನ ಸಹಸಂಬಂಧವನ್ನು ಸ್ಪ್ರೆಡ್‌ಶೀಟಿನಲ್ಲೇ ನೋಡಿಕೊಳ್ಳಬಹುದು. ಮೊದಲ ಸುತ್ತಿಗೆ √n ಸಾಕು.

## ಹಂತ 5: ಲೆಕ್ಕ ಓಡಿಸಿ

ಒಂದು ದಾರಿಯನ್ನು ಕೈಯಲ್ಲಿ ಮಾಡೋಣ. ಉತ್ತರದ ಗ್ರಾಹಕನಿಗೆ ಮಧ್ಯದ ಗೋದಾಮಿನಿಂದ ಕೊಟ್ಟರೆ, ಕಾರ್ಖಾನೆಯಿಂದ ಮಧ್ಯಕ್ಕೆ 400 × 2 = 800, ಅಲ್ಲಿಂದ ಉತ್ತರಕ್ಕೆ 500 × 5 = 2,500, ಒಟ್ಟು ಟನ್ನಿಗೆ 3,300. ಉತ್ತರದಲ್ಲೇ ಗೋದಾಮಿದ್ದರೆ 650 × 2 = 1,300, ಜೊತೆಗೆ 60 × 5 = 300, ಒಟ್ಟು 1,600. ಟನ್ನಿಗೆ 1,700 ಉಳಿತಾಯ, 12,000 ಟನ್ನಿಗೆ 204 ಲಕ್ಷ. ಗೋದಾಮಿನ 80 ಲಕ್ಷ, ಸ್ಟಾಕಿನ ಹೆಚ್ಚಳ ಸುಮಾರು 33 ಲಕ್ಷ ಕಳೆದರೂ 91 ಲಕ್ಷ ಮಿಗುತ್ತದೆ. ಉತ್ತರದ ಗೋದಾಮು ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುತ್ತದೆ.

ಐದು ಜಾಗಗಳಾದರೆ 31 ಸಂಯೋಜನೆಗಳು, ಸ್ಪ್ರೆಡ್‌ಶೀಟಿನಲ್ಲೇ ಮುಗಿಸಬಹುದು. ಇಪ್ಪತ್ತು ಜಾಗಗಳಾದರೆ ಹತ್ತು ಲಕ್ಷ ದಾಟುತ್ತದೆ, ಆಗ ಅತಿ ಕಡಿಮೆ ಖರ್ಚಿನ ಉತ್ತರವನ್ನು ತಾನೇ ಹುಡುಕುವ ತಂತ್ರಾಂಶ, ಅಂದರೆ ಸಾಲ್ವರ್ ಬೇಕು. √n ಸರಳರೇಖೆಯಲ್ಲದ್ದರಿಂದ ಅದನ್ನು ಸಾಲ್ವರ್ ಒಳಗೆ ತುರುಕಲು ಹೋಗಬೇಡಿ. ಗೋದಾಮುಗಳ ಸಂಖ್ಯೆಯನ್ನು 1, 2, 3 ಎಂದು ಬಿಗಿದು ಪ್ರತಿ ಸಲವೂ ಸಾಗಣೆಯನ್ನು ಕನಿಷ್ಠಗೊಳಿಸಿ, ಕಟ್ಟಡ ಮತ್ತು ಸ್ಟಾಕಿನ ಖರ್ಚನ್ನು ಹೊರಗೆ ಕೂಡಿಸಿ. ಪೈಥಾನ್‌ನ `PuLP` ಸಾಕು:

```python
import pulp

def solve(n, Z, D, c, near, target):
    m = pulp.LpProblem("network", pulp.LpMinimize)
    y = pulp.LpVariable.dicts("open", Z, cat="Binary")
    x = pulp.LpVariable.dicts("serve", (Z, Z), cat="Binary")
    m += pulp.lpSum(c[i][j]*D[j]*x[i][j] for i in Z for j in Z)
    m += pulp.lpSum(y[i] for i in Z) == n
    for j in Z:
        m += pulp.lpSum(x[i][j] for i in Z) == 1
        for i in Z:
            m += x[i][j] <= y[i]
    m += pulp.lpSum(D[j]*x[i][j] for i in Z for j in Z
                    if near[i][j]) >= target*sum(D.values())
    m.solve()
    return pulp.value(m.objective), [i for i in Z if y[i].value() > 0.5]
```

`n` ಗೋದಾಮುಗಳ ಸಂಖ್ಯೆ, `Z` ಪ್ರದೇಶಗಳ ಪಟ್ಟಿ, `D` ಪ್ರತಿ ಪ್ರದೇಶದ ಬೇಡಿಕೆ. `c[i][j]` ಎಂದರೆ ಗೋದಾಮು i ಮೂಲಕ ಪ್ರದೇಶ j ಗೆ ಒಂದು ಟನ್ ತಲುಪಿಸುವ ಪೂರ್ತಿ ಸಾಗಣೆ ಖರ್ಚು. `near` ಎಂಬುದು 450 ಕಿ.ಮೀ. ಒಳಗಿದೆಯೇ ಎಂಬ ಹೌದು/ಇಲ್ಲ. `target` ಅನ್ನು 0 ಮಾಡಿದರೆ ಖರ್ಚೊಂದನ್ನೇ ನೋಡುತ್ತದೆ. ಗೋದಾಮುಗಳ ಬಾಡಿಗೆ ಊರಿಂದೂರಿಗೆ ಬೇರೆಯಾದರೆ ಅದನ್ನು `y` ಜೊತೆ ಗುಣಿಸಿ, ಕನಿಷ್ಠಗೊಳಿಸಬೇಕಾದ ಖರ್ಚಿನ ಸಾಲಿಗೆ ಸೇರಿಸಿ. ಸಾಲ್ವರ್‌ಗೆ ಉತ್ತರವೇ ಇಲ್ಲ ಎಂದು ಬಂದರೆ ಅಷ್ಟು ಗೋದಾಮುಗಳಲ್ಲಿ ಆ ಸೇವಾಮಟ್ಟ ಸಾಧ್ಯವಿಲ್ಲ ಎಂದರ್ಥ.

`target` ಸೊನ್ನೆ ಇಟ್ಟಾಗ ಪ್ರತಿ ಸಂಖ್ಯೆಗೂ ಬರುವ ಅಗ್ಗದ ಜಾಲ ಹೀಗಿದೆ, ಅಂಕಿಗಳು ಲಕ್ಷಗಳಲ್ಲಿ:

| ಗೋದಾಮುಗಳು | ಸಾಗಣೆ | ಕಟ್ಟಡ | ಸ್ಟಾಕ್ | ಒಟ್ಟು | ಮರುದಿನದ ಸೇವೆ |
|---|---|---|---|---|---|
| ಮಧ್ಯ | 1,070 | 80 | 80 | 1,230 | ಶೇ. 57.5 |
| ಮಧ್ಯ, ಉತ್ತರ | 866 | 160 | 113.1 | 1,139.1 | ಶೇ. 87.5 |
| ಮಧ್ಯ, ಉತ್ತರ, ದಕ್ಷಿಣ | 726.5 | 240 | 138.6 | 1,105.1 | ಶೇ. 87.5 |
| ಮಧ್ಯ, ಉತ್ತರ, ದಕ್ಷಿಣ, ಪಶ್ಚಿಮ | 626.5 | 320 | 160 | 1,106.5 | ಶೇ. 87.5 |
| ಐದೂ | 559 | 400 | 178.9 | 1,137.9 | ಶೇ. 100 |

ಚಪ್ಪಟೆ ತಳ ಎಂದದ್ದು ಇದನ್ನೇ. ಮೂರಕ್ಕೂ ನಾಲ್ಕಕ್ಕೂ ವ್ಯತ್ಯಾಸ ಒಂದೂವರೆ ಲಕ್ಷದೊಳಗೆ. ದರಗಳ ಅಂದಾಜಿನಲ್ಲೇ ಅದಕ್ಕಿಂತ ದೊಡ್ಡ ತಪ್ಪಿರುತ್ತದೆ. ಎರಡರಿಂದ ಐದರವರೆಗೆ ಎಲ್ಲವೂ ಸುಮಾರು ಶೇ. 3ರೊಳಗೆ ಬರುತ್ತವೆ.

ಸೇವೆಯ ಕಾಲಂ ನೋಡಿ. ಎರಡರಿಂದ ನಾಲ್ಕಕ್ಕೆ ಹೋದರೂ ಅದು ಅಲುಗಲೇ ಇಲ್ಲ. ದಕ್ಷಿಣವೂ ಪಶ್ಚಿಮವೂ ಮಧ್ಯದಿಂದ ಮೊದಲೇ 450ರ ಒಳಗಿದ್ದವು. ಅಲ್ಲಿ ಗೋದಾಮು ಹಾಕಿದ್ದರಿಂದ ಸಾಗಣೆ ಉಳಿಯಿತೇ ಹೊರತು ಮರುದಿನದ ಸೇವೆ ಹೆಚ್ಚಲಿಲ್ಲ. ಹೊರಗುಳಿದದ್ದು ಪೂರ್ವ ಒಂದೇ, ಮಧ್ಯದಿಂದ 550 ಕಿ.ಮೀ. ದೂರದ 5,000 ಟನ್. ಹೆಚ್ಚು ಗೋದಾಮು ಎಂದರೆ ಹೆಚ್ಚು ಸೇವೆ ಎಂದು ಸಭೆಗಳಲ್ಲಿ ಯಾರಾದರೂ ಹೇಳಿದಾಗ ಇಂಥ ಒಂದು ಕೋಷ್ಟಕ ಮುಂದಿಡಿ.

## ಹಂತ 6: ಸೇವೆಯನ್ನು ಬಿಗಿದು ಮತ್ತೆ ಓಡಿಸಿ

ಈಗ `target` ಅನ್ನು 1 ಮಾಡಿ, ಎಲ್ಲರಿಗೂ ಮರುದಿನ. ಮೂರು ಗೋದಾಮಿನಲ್ಲಿ ಇದು ಸಾಧ್ಯವಾಗುವುದು ಮಧ್ಯ, ಉತ್ತರ, ಪೂರ್ವದಿಂದ ಮಾತ್ರ, ಖರ್ಚು 1,177. ನಾಲ್ಕಕ್ಕೆ ಏರಿದರೆ ಖರ್ಚು ಇಳಿಯುತ್ತದೆ. ಮೂರರ ಅಗ್ಗದ ಜಾಲಕ್ಕೆ ಪೂರ್ವವನ್ನು ಸೇರಿಸಿದರೆ 1,139.

ಆದರೆ ಸಾಲ್ವರ್ ಕೊಡುವ ನಾಲ್ಕು ಬೇರೆಯೇ: ಪಶ್ಚಿಮ, ಉತ್ತರ, ದಕ್ಷಿಣ, ಪೂರ್ವ, ಒಟ್ಟು 1,129. ಇಲ್ಲಿಯವರೆಗೆ ಪ್ರತಿ ಜಾಲದಲ್ಲೂ ಇದ್ದ ಮಧ್ಯವೇ ಹೊರಬಿತ್ತು! ಸುತ್ತ ನಾಲ್ಕು ಗೋದಾಮುಗಳಾದ ಮೇಲೆ ಮಧ್ಯದ ಪ್ರದೇಶಕ್ಕೆ ಪಶ್ಚಿಮದಿಂದ 400 ಕಿ.ಮೀ.ಯಲ್ಲಿ ಮರುದಿನವೇ ತಲುಪಿಸಬಹುದು. ಒಂದು ಗೋದಾಮಿಗೆ ಅತ್ಯುತ್ತಮವಾದ ಜಾಗ ನಾಲ್ಕಕ್ಕೆ ಬೇಕಾಗದೇ ಹೋಗಬಹುದು. ಇದ್ದುದಕ್ಕೆ ಒಂದೊಂದನ್ನೇ ಸೇರಿಸುತ್ತಾ ಹೋಗುವ ವಿಧಾನ ಈ ಉತ್ತರವನ್ನು ಎಂದೂ ಕಾಣುವುದಿಲ್ಲ.

## ಹಂತ 7: ಉತ್ತರವನ್ನು ನಕ್ಷೆಯ ಮೇಲೆ ಬಿಡಿಸಿ ನೋಡಿ

ಈ ಹಂತ ಬಿಟ್ಟವರೇ ಹೆಚ್ಚು. ನನ್ನ ಮಟ್ಟಿಗೆ ಅರ್ಧ ಕೆಲಸ ಇಲ್ಲೇ ಇದೆ.

ಮಧ್ಯ, ಉತ್ತರ, ದಕ್ಷಿಣದ ಜಾಲದಲ್ಲಿ ಪಶ್ಚಿಮದ 4,000 ಟನ್ನಿನ ದಾರಿಯನ್ನು ಬೆರಳಿಟ್ಟು ಹಿಂಬಾಲಿಸಿ. ಪಶ್ಚಿಮದ ಕಾರ್ಖಾನೆಯಿಂದ 400 ಕಿ.ಮೀ. ಮಧ್ಯಕ್ಕೆ, ಅಲ್ಲಿಂದ ತಿರುಗಿ 400 ಕಿ.ಮೀ. ಪಶ್ಚಿಮಕ್ಕೆ. ಟನ್ನಿಗೆ 2,800 ಖರ್ಚು ಮಾಡಿ ಸರಕು ಹೊರಟ ಊರಿಗೇ ಮರಳುತ್ತಿದೆ. ಮಾಡೆಲ್‌ಗೆ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ, ಏಕೆಂದರೆ ಎಲ್ಲವೂ ಗೋದಾಮಿನ ಮೂಲಕವೇ ಹೋಗಬೇಕು ಎಂದು ನಾವೇ ಹೇಳಿದ್ದೆವು. ಪಶ್ಚಿಮದ ದೊಡ್ಡ ಗ್ರಾಹಕರು ಪೂರ್ತಿ ಲಾರಿ ಲೋಡು ತೆಗೆದುಕೊಳ್ಳುವವರಾದರೆ ಕಾರ್ಖಾನೆಯಿಂದಲೇ ನೇರ ಕಳಿಸಬಹುದಲ್ಲ? ಇನ್ವಾಯ್ಸ್‌ಗಳನ್ನು ಲೋಡಿನ ಗಾತ್ರದ ಪ್ರಕಾರ ವಿಂಗಡಿಸಿದಾಗ ಅಂಥವರದು 2,000 ಟನ್ ಎಂದು ಸಿಕ್ಕಿತು ಎನ್ನಿ. ನೇರ ಡೆಲಿವರಿಗೆ, ಪೂರ್ತಿ ಲೋಡಾದರೂ 5ರ ದರವನ್ನೇ ಹಾಕಿ ನೋಡಿದರೂ, 60 × 5 = 300. ಟನ್ನಿಗೆ 2,500 ಉಳಿತಾಯ, ಒಟ್ಟು 50 ಲಕ್ಷ.

ಇದರಿಂದ ಇಡೀ ಚಿತ್ರ ಬದಲಾಗುತ್ತದೆ. ಮಧ್ಯ, ಉತ್ತರ, ದಕ್ಷಿಣ 1,055ಕ್ಕೆ ಇಳಿಯುತ್ತದೆ. ಪಶ್ಚಿಮದಲ್ಲಿ ಗೋದಾಮು ಇರುವ ಜಾಲಗಳಿಗೆ ಇದರಿಂದ ಲಾಭವಿಲ್ಲ, ಅಲ್ಲಿ ಮೊದಲೇ 300 ಇತ್ತು. ಹಾಗಾಗಿ ಮೂರೂ ನಾಲ್ಕೂ ಸಮ ಎಂಬ ಗೊಂದಲ ತಾನಾಗಿ ಹೋಯಿತು. ಎಲ್ಲರಿಗೂ ಮರುದಿನ ಎಂಬ ಷರತ್ತಿನಲ್ಲಿ ಈಗ ಗೆಲ್ಲುವುದು ಮಧ್ಯ, ಉತ್ತರ, ದಕ್ಷಿಣ, ಪೂರ್ವ, 1,089ಕ್ಕೆ. ಮಧ್ಯ ಮತ್ತೆ ಒಳಗೆ ಬಂತು. ಗೋದಾಮಿನ ಜಾಗವನ್ನು ಬದಲಿಸಿದ್ದು ಗೋದಾಮಿಗೆ ಬರದ ಸರಕು.

ನಕ್ಷೆಯಲ್ಲಿ ಹುಡುಕಬೇಕಾದ ಗುರುತುಗಳು ಇಂಥವೇ: ಹಿಂದಕ್ಕೆ ಓಡುವ ಸರಕು, ಒಂದನ್ನೊಂದು ದಾಟುವ ದಾರಿಗಳು, ಒಂದೇ ಒಂದು ಸಣ್ಣ ಪ್ರದೇಶಕ್ಕಾಗಿ ತೆರೆದ ಗೋದಾಮು. ಪ್ರತಿಯೊಂದರ ಹಿಂದೆಯೂ ನಾವು ಹೇಳಲು ಮರೆತ ಒಂದು ಸಾಧ್ಯತೆಯೋ ತಪ್ಪು ದರವೋ ಇರುತ್ತದೆ.

## ಹಂತ 8: ಸೇವೆಗೆ ಬೆಲೆ ಕಟ್ಟಿ, ಬದಲಿ ದಾರಿ ಹುಡುಕಿ

ಈಗ ಪ್ರಶ್ನೆ ಚಿಕ್ಕದಾಗಿದೆ. ಮೂರು ಗೋದಾಮು 1,055ಕ್ಕೆ, ಶೇ. 87.5. ಪೂರ್ವ ಸೇರಿ ನಾಲ್ಕು 1,089ಕ್ಕೆ, ಶೇ. 100. ವ್ಯತ್ಯಾಸ ಸುಮಾರು 34 ಲಕ್ಷ. ಪೂರ್ವದ 5,000 ಟನ್ನಿಗೆ ಹಂಚಿದರೆ ಟನ್ನಿಗೆ 680, ಸರಕಿನ ಬೆಲೆಯ ಶೇ. 3.4.

ಮಾರಾಟ ವಿಭಾಗಕ್ಕೆ "ಮರುದಿನದ ಸೇವೆ ಬೇಕೇ?" ಎಂದು ಕೇಳಿದರೆ ಬೇಕು ಎನ್ನದೆ ಇನ್ನೇನಂದಾರು? ಕೇಳುವ ರೀತಿ ಬೇರೆ ಇರಬೇಕು. ಟನ್ನಿಗೆ ಲಾಭ 4,000 ಇದ್ದರೆ 34 ಲಕ್ಷ ಮರಳಿ ಬರಲು 850 ಟನ್ ಹೆಚ್ಚು ಮಾರಬೇಕು, ಅಂದರೆ ಪೂರ್ವದ ಈಗಿನ ಮಾರಾಟದ ಶೇ. 17. "ಎರಡು ದಿನದ ಬದಲು ಒಂದು ದಿನದಲ್ಲಿ ಕೊಟ್ಟರೆ ಪೂರ್ವದಲ್ಲಿ ಶೇ. 17 ಹೆಚ್ಚು ಮಾರುತ್ತೀರಾ, ಅಥವಾ ಕೊಡದಿದ್ದರೆ ಅಷ್ಟು ಕಳೆದುಕೊಳ್ಳುತ್ತೀರಾ?" ಈ ಪ್ರಶ್ನೆಗೆ ಉತ್ತರ ಕೊಡಲು ಅವರು ಗ್ರಾಹಕರ ಪಟ್ಟಿ ತೆರೆಯಲೇಬೇಕಾಗುತ್ತದೆ.

ಅಷ್ಟರಲ್ಲಿ ನೀವು 450ಕ್ಕೆ ಮರಳಿ. ಅದು ಪ್ರಕೃತಿನಿಯಮವಲ್ಲ. ರಾತ್ರಿ 9ಕ್ಕೆ ಹೊರಟು ಬೆಳಿಗ್ಗೆ 6ಕ್ಕೆ ಮುಟ್ಟುವ ಲಾರಿಯ ಮಿತಿ. ಪೂರ್ವ ಇರುವುದು 550ರಲ್ಲಿ. ಅಲ್ಲಿಗೆ ಹೋಗುವ ಲಾರಿಯನ್ನು ಸಂಜೆ 7ಕ್ಕೇ ಹೊರಡಿಸಿದರೆ ಹನ್ನೊಂದು ಗಂಟೆ ಸಿಗುತ್ತದೆ, 550 ಕಿ.ಮೀ. ಇದಕ್ಕೆ ಪೂರ್ವದ ಆರ್ಡರ್‌ಗಳ ಗಡುವನ್ನು 4ರಿಂದ 2ಕ್ಕೆ ತರಬೇಕು, ಗೋದಾಮಿನಲ್ಲಿ ಆ ಆರ್ಡರ್‌ಗಳನ್ನು ಮೊದಲು ಆರಿಸಬೇಕು. ಅಷ್ಟು ಹೊತ್ತು ಒಬ್ಬನೇ ಚಾಲಕ ಓಡಿಸುವುದಕ್ಕೆ ಅನೇಕ ದೇಶಗಳಲ್ಲಿ ಕಾನೂನಿನ ತಡೆ ಇದೆ, ಇಲ್ಲದಿದ್ದರೂ ಮಾಡಬಾರದ್ದು. ಎರಡನೇ ಚಾಲಕ ಬೇಕು. ಅದಕ್ಕಾಗಿ ಈ ದಾರಿಯ ದರ 5ರಿಂದ 5.5ಕ್ಕೆ ಏರಿತು ಎನ್ನೋಣ: 0.5 × 550 × 5,000, ಸುಮಾರು 14 ಲಕ್ಷ. ಒಟ್ಟು 1,069. ಹೊಸ ಗೋದಾಮಿಗಿಂತ ವರ್ಷಕ್ಕೆ 20 ಲಕ್ಷ ಅಗ್ಗ, ಗುತ್ತಿಗೆಯ ಬಂಧನವೂ ಇಲ್ಲ.

ಎರಡೂ ಒಂದೇ ಸೇವೆಯಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಪೂರ್ವದಲ್ಲೇ ಗೋದಾಮಿದ್ದರೆ ಸಂಜೆ 4ರ ಗಡುವು ಉಳಿಯುತ್ತಿತ್ತು, ತುರ್ತಿದ್ದರೆ ಅದೇ ದಿನವೂ ಕೊಡಬಹುದಿತ್ತು. ಹನ್ನೊಂದು ಗಂಟೆಯ ಓಟದಲ್ಲಿ ಒಂದು ತಡೆ ಬಂದರೆ ಬೆಳಿಗ್ಗೆ 6 ತಪ್ಪುತ್ತದೆ. ಆದ್ದರಿಂದ ಮೊದಲು ಆರೆಂಟು ವಾರ ಆ ಲಾರಿಯನ್ನು ಓಡಿಸಿ, ಮುಟ್ಟಿದ ಸಮಯವನ್ನು ಪ್ರತಿದಿನ ಬರೆದಿಡಿ. ಸರಾಸರಿ 6 ಗಂಟೆ ಎಂದು ಬಂದರೆ ಸರಿಹೋಯಿತು ಎಂದುಕೊಳ್ಳಬೇಡಿ, ಸರಾಸರಿ 6 ಎಂದರೆ ಹೆಚ್ಚುಕಡಿಮೆ ಅರ್ಧದಷ್ಟು ದಿನ ತಡ. ನೂರರಲ್ಲಿ ತೊಂಬತ್ತೈದು ದಿನ 6ರೊಳಗೆ ಮುಟ್ಟುತ್ತದೆಯೇ ಎಂದು ನೋಡಿ. ಮುಟ್ಟದಿದ್ದರೆ 14 ಲಕ್ಷದ ಈ ದಾರಿ ಶೇ. 100 ಸೇವೆಯದಲ್ಲ, ಕೋಷ್ಟಕದಲ್ಲಿ ಅದರ ಸೇವೆಯನ್ನು ಇಳಿಸಿ ಬರೆಯಬೇಕು.

## ಹಂತ 9: ತೀರ್ಮಾನ ಬದಲಾಗುವ ಬಿಂದುವನ್ನು ಬರೆದಿಡಿ

ಬೇಡಿಕೆ, ಇಂಧನ, ಬಾಡಿಗೆ, ಎಲ್ಲವನ್ನೂ ಶೇ. 20 ಮೇಲೆ ಕೆಳಗೆ ಮಾಡಿ ಓಡಿಸಿ ನೋಡುವುದು ರೂಢಿ. ಮಾಡಿ. ಯಾವ ಗೋದಾಮುಗಳು ಎಲ್ಲ ಸಂದರ್ಭದಲ್ಲೂ ಉಳಿಯುತ್ತವೆ ಎಂದು ಅದರಿಂದ ತಿಳಿಯುತ್ತದೆ, ಅವುಗಳಿಗೆ ದೀರ್ಘ ಗುತ್ತಿಗೆ ಮಾಡಿಕೊಳ್ಳಬಹುದು. ಬಂದು ಹೋಗುವ ಜಾಗಗಳಿಗೆ ಟನ್ನಿನ ಲೆಕ್ಕದಲ್ಲಿ ಹಣ ಪಡೆಯುವ ಬೇರೆಯವರ ಗೋದಾಮು ಸಾಕು. ಈಗಿರುವ ಗೋದಾಮನ್ನು ಮುಚ್ಚುವ ಯೋಜನೆಯಿದ್ದರೆ ಉಳಿದ ಗುತ್ತಿಗೆ ಹಣ, ಸಿಬ್ಬಂದಿಗೆ ಕೊಡಬೇಕಾದ ಪರಿಹಾರ, ಸ್ಟಾಕ್ ಸಾಗಿಸುವ ಖರ್ಚು ಒಂದು ಸಲದ್ದು. ಅದನ್ನು ವಾರ್ಷಿಕ ಖರ್ಚಿನಲ್ಲಿ ಬೆರೆಸದೆ ಪಕ್ಕದಲ್ಲಿ ಬರೆಯಿರಿ.

ಅದಕ್ಕಿಂತ ಉಪಯುಕ್ತವಾದ ಇನ್ನೊಂದು ಲೆಕ್ಕವಿದೆ. ಪೂರ್ವದ ಗೋದಾಮು ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಲು ಅಲ್ಲಿ ಎಷ್ಟು ಬೇಡಿಕೆ ಇರಬೇಕು? ಅದಕ್ಕೆ ವರ್ಷಕ್ಕೆ ಬೇಕಾದದ್ದು ಕಟ್ಟಡದ 80 ಲಕ್ಷ ಮತ್ತು ಮೂರರಿಂದ ನಾಲ್ಕಕ್ಕೆ ಏರುವಾಗಿನ ಸ್ಟಾಕಿನ 21.4 ಲಕ್ಷ, ಒಟ್ಟು 101.4 ಲಕ್ಷ. ಇಬ್ಬರು ಚಾಲಕರ ಲಾರಿಯ ಬದಲು ಪೂರ್ವದ ಗೋದಾಮಿನಿಂದ ಕೊಟ್ಟರೆ ಉಳಿಯುವುದು ಟನ್ನಿಗೆ ಸಾಗಣೆಯ 3,550 − 2,200 = 1,350 ಮತ್ತು ಎರಡನೇ ಚಾಲಕನ 0.5 × 550 = 275 ಸೇರಿ 1,625. ಭಾಗಿಸಿದರೆ ಸುಮಾರು 6,240 ಟನ್. ಈಗಿರುವುದು 5,000. ವರ್ಷಕ್ಕೆ ಶೇ. 10 ಬೆಳೆದರೆ ಎರಡನೇ ವರ್ಷದ ಕೊನೆಗೆ 6,050, ಮೂರನೆಯದರ ಕೊನೆಗೆ 6,655.

ಹಾಗಾಗಿ ಆಡಳಿತ ಮಂಡಳಿಯ ಮುಂದಿಡುವ ಕಾಗದದಲ್ಲಿ ಇಷ್ಟು ಇರಲಿ: ಈಗ ಮಧ್ಯ, ಉತ್ತರ, ದಕ್ಷಿಣ; ಪಶ್ಚಿಮದ ಪೂರ್ತಿ ಲೋಡುಗಳು ಕಾರ್ಖಾನೆಯಿಂದ ನೇರ; ಪೂರ್ವಕ್ಕೆ ಸಂಜೆ 7ರ ಲಾರಿ. ಪೂರ್ವದ ಹಿಂದಿನ ಹನ್ನೆರಡು ತಿಂಗಳ ಬೇಡಿಕೆ 5,800 ಟನ್ ಮುಟ್ಟಿದ ತಿಂಗಳು ಜಾಗ ನೋಡಲು ಶುರು ಮಾಡುವುದು. ಜಾಗ ಹುಡುಕಿ, ಕರಾರು ಮಾಡಿ, ರ‍್ಯಾಕ್ ಹಾಕಿ, ಸ್ಟಾಕ್ ತುಂಬಲು ಏಳೆಂಟು ತಿಂಗಳು ಹಿಡಿಯುತ್ತದೆ, ಅಷ್ಟರೊಳಗೆ ಬೇಡಿಕೆ 6,240ರ ಆಸುಪಾಸಿಗೆ ಬಂದಿರುತ್ತದೆ. ಒಳಸಾಗಣೆ ಮತ್ತು ಹೊರಸಾಗಣೆ ದರಗಳ ಅನುಪಾತ 2:5ರಿಂದ ಗಮನಾರ್ಹವಾಗಿ ಸರಿದರೆ ಬೇಡಿಕೆಗೆ ಕಾಯದೆ ಹಂತ 5ರಿಂದ ಮತ್ತೆ ಓಡಿಸುವುದು.